‘ಫೈನಲ್ ಸೈಜ್’: ಹತ್ತೊಂಬತ್ತು ಮೇಲ್‌ಗಳ ಒಂದು ಪ್ರಕರಣ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಆರ್ಡರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಂಡ್ಯದ ಕಡೆಯ ಒಂದು ಬೆಲ್ಲದ ಪ್ಯಾಕಿಂಗ್ ಘಟಕದೊಂದಿಗೆ ಒಂದು ಡಿಸೆಂಬರಿನಲ್ಲಿ ನಡೆದ ಪತ್ರವ್ಯವಹಾರವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ದಾಖಲಿಸುತ್ತಿದ್ದೇನೆ. ಈ ಮೇಲ್ ಸರಣಿಯನ್ನು ಯಾವ ಹಂತದಲ್ಲಿ ನಿಲ್ಲಿಸಿ ಫೋನ್ ಮಾಡಬೇಕಾಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ. ತಪ್ಪಿನ ಹೆಚ್ಚಿನ ಪಾಲು ನನ್ನದೇ ಆದ್ದರಿಂದ ಯಾರ ಹೆಸರನ್ನೂ ಬರೆಯುವ ಅಗತ್ಯ ಕಾಣಲಿಲ್ಲ.

ಡಿಸೆಂಬರ್ 11ರಂದು ಅಲ್ಲಿನ ಖರೀದಿ ನೋಡಿಕೊಳ್ಳುವವರಿಂದ ಮೊದಲ ಮೇಲ್ ಬಂದಿತು. ಅರ್ಧ ಕಿಲೋ ಬೆಲ್ಲದ ಪುಡಿಯ 24 ಪೊಟ್ಟಣಗಳು ಹಿಡಿಯುವ, ಐದು ಪದರದ 2,000 ಪೆಟ್ಟಿಗೆಗಳು ಅವರಿಗೆ ಬೇಕಾಗಿದ್ದವು. ಸಂಕ್ರಾಂತಿಯ ಮಾರಾಟಕ್ಕೆ ಮೊದಲು, ಅಂದರೆ ಜನವರಿ 5ರೊಳಗೆ, ಮಾಲು ಗೋದಾಮಿಗೆ ತಲುಪಬೇಕಾಗಿತ್ತು. ಅಳತೆಯ ಜಾಗದಲ್ಲಿ 394 × 244 × 184 ಮಿಲಿಮೀಟರ್ ಎಂದು ಬರೆದಿದ್ದರು. ದರ, ಮುದ್ರಣದ ಬಣ್ಣ, ಸಾಗಾಣಿಕೆ ಇವುಗಳ ಕುರಿತು ಎರಡು ಮೇಲ್‌ಗಳು ಸಲೀಸಾಗಿ ಓಡಾಡಿದವು. ನಾಲ್ಕನೆಯ ಮೇಲ್‌ನಲ್ಲಿ ನಾನು ‘ಇದನ್ನು ಫೈನಲ್ ಸೈಜ್ ಎಂದು ತೆಗೆದುಕೊಳ್ಳಬಹುದೇ?’ ಎಂದು ಕೇಳಿದೆ. ಐದನೆಯದರಲ್ಲಿ ಅವರು ‘ಹೌದು, ಫೈನಲ್’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರು. ಇಬ್ಬರೂ ಕನ್ನಡಿಗರೇ ಆಗಿದ್ದರೂ ನಮ್ಮ ಮೇಲ್‌ಗಳು ಇಂಗ್ಲಿಷಿನಲ್ಲಿದ್ದವು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ತೊಂದರೆಯಲ್ಲಿ ಅದಕ್ಕೂ ಪಾಲಿದೆ.

ನಮ್ಮ ವೃತ್ತಿಯಲ್ಲಿ ಪೆಟ್ಟಿಗೆಯ ಅಳತೆ ಎಂದರೆ ಸಾಮಾನ್ಯವಾಗಿ ಒಳ ಅಳತೆ. ಆದರೆ ಆ ವರ್ಷ ನಮ್ಮ ಬಹುಪಾಲು ಕೆಲಸ ಬಂದದ್ದು ಕಬ್ಬಿಣದ ರ್‍ಯಾಕಿನಲ್ಲಿ ಪೆಟ್ಟಿಗೆಗಳನ್ನು ಜೋಡಿಸಿಡುವ ಒಬ್ಬ ಗ್ರಾಹಕರಿಂದ. ರ್‍ಯಾಕಿನ ಖಾನೆಗೆ ಹೊಂದಬೇಕೆಂದು ಅವರು ಯಾವಾಗಲೂ ಹೊರ ಅಳತೆಯನ್ನೇ ಕೊಡುತ್ತಿದ್ದರು. ಹೀಗಾಗಿ ‘ಫೈನಲ್ ಸೈಜ್’ ಎಂದು ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ತಯಾರಾಗಿ ನಿಂತ ಪೆಟ್ಟಿಗೆಯ ಹೊರಗಿನ ಅಳತೆ. ಅವರು ‘ಫೈನಲ್’ ಎಂದದ್ದು, ಈ ಅಂಕಿಗಳು ಇನ್ನು ಬದಲಾಗುವುದಿಲ್ಲ ಎಂಬ ಅರ್ಥದಲ್ಲಿ. ಪ್ರಶ್ನೆ ಒಂದು, ಉತ್ತರ ಇನ್ನೊಂದು ಪ್ರಶ್ನೆಗೆ. ಕಾಗದದ ಮೇಲೆ ಮಾತ್ರ ಎರಡೂ ಅಚ್ಚುಕಟ್ಟಾಗಿ ಹೊಂದಿಕೊಂಡಿದ್ದವು.

ಐದು ಪದರದ ರಟ್ಟಿನ ದಪ್ಪ ಸುಮಾರು 5 ಮಿಲಿಮೀಟರ್ ಎಂದು ಹಿಡಿದರೆ ಇದರ ಪರಿಣಾಮ ಎಷ್ಟೆಂಬುದು ಸುಲಭವಾಗಿ ತಿಳಿಯುತ್ತದೆ. ಉದ್ದ ಮತ್ತು ಅಗಲದಲ್ಲಿ ಎರಡು ಗೋಡೆಗಳ ದಪ್ಪ, ಅಂದರೆ ತಲಾ 10 ಮಿಲಿಮೀಟರ್, ಕಳೆಯುತ್ತದೆ. ಎತ್ತರದಲ್ಲಿ ಮೇಲೆ ಎರಡು ಮತ್ತು ಕೆಳಗೆ ಎರಡು ಮಡಿಕೆಗಳು ಒಂದರ ಮೇಲೊಂದು ಬರುವುದರಿಂದ 20 ಮಿಲಿಮೀಟರ್ ಹೋಗುತ್ತದೆ. ನಾನು ಮಾಡಿಸಿದ ಪೆಟ್ಟಿಗೆಯ ಒಳಗೆ ಉಳಿದದ್ದು 384 × 234 × 164. ಅವರ 24 ಪೊಟ್ಟಣಗಳನ್ನು ಎರಡು ಸಾಲು ಎತ್ತರಕ್ಕೆ ಜೋಡಿಸಿದರೆ ಬೇಕಾಗುವ ಜಾಗ 390 × 240 × 180. ಪೊಟ್ಟಣದ ಜೋಡಣೆಗೆ ಎಲ್ಲ ಕಡೆಯೂ 4 ಮಿಲಿಮೀಟರ್ ಸಡಿಲ ಸೇರಿಸಿ ಅವರು ಅಳತೆ ಕಳಿಸಿದ್ದರು. ಲೆಕ್ಕ ಬಲ್ಲವರು ಮಾಡುವ ಕೆಲಸವನ್ನೇ ಮಾಡಿದ್ದರು.

ಆರು ಮತ್ತು ಏಳನೆಯ ಮೇಲ್‌ಗಳಲ್ಲಿ ಮುದ್ರಣದ ಮಾದರಿ ಹೋಗಿ ಒಪ್ಪಿಗೆ ಬಂದಿತು. ಡಿಸೆಂಬರ್ 20ರಂದು ಒಂದು ಮಾದರಿ ಪೆಟ್ಟಿಗೆಯನ್ನು ಕಳಿಸಿ ಎಂಟನೆಯ ಮೇಲ್ ಬರೆದೆ. 22ರಂದು ಒಂಬತ್ತನೆಯದು ಬಂದಿತು: ಸೈಜ್ ಸರಿಯಿಲ್ಲ, ಪೊಟ್ಟಣಗಳು ಒಳಗೆ ಹೋಗುತ್ತಿಲ್ಲ.

ಇಲ್ಲಿಯವರೆಗೆ ನಡೆದದ್ದು ಸಾಧಾರಣ ವ್ಯವಹಾರ. ಹತ್ತನೆಯ ಮೇಲ್‌ನಲ್ಲಿ ನಾನು ಬರೆದದ್ದು ಹೀಗಿತ್ತು: ತಾವು ಇಂತಹ ದಿನಾಂಕದ ಮೇಲ್‌ನಲ್ಲಿ ದೃಢಪಡಿಸಿದ ಫೈನಲ್ ಸೈಜಿನ ಪ್ರಕಾರವೇ ಮಾದರಿಯನ್ನು ತಯಾರಿಸಲಾಗಿದೆ. ಕೆಳಗೆ ಅವರ ಐದನೆಯ ಮೇಲನ್ನು ಹಳದಿ ಬಣ್ಣ ಹಚ್ಚಿ ಅಂಟಿಸಿದೆ. ಆ ಹಳದಿ ಬಣ್ಣದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ‘ಪೊಟ್ಟಣ ಒಳಗೆ ಹೋಗುತ್ತಿಲ್ಲ’ ಎಂಬುದು ಒಂದು ವಸ್ತುವಿನ ಬಗೆಗಿನ ಮಾತು. ಅದಕ್ಕೆ ನಾನು ಕೊಟ್ಟ ಉತ್ತರ ಒಂದು ಮೇಲ್‌ನ ಬಗೆಗಿನ ಮಾತು. ಸರಣಿಯ ದಿಕ್ಕು ತಿರುಗಿದ್ದು ಇಲ್ಲಿ, ಫೋನ್ ಕೈಗೆತ್ತಿಕೊಳ್ಳಬೇಕಾಗಿದ್ದ ಸ್ಥಳವೂ ಇದೇ.

ಹನ್ನೊಂದು ಮತ್ತು ಹನ್ನೆರಡನೆಯ ಮೇಲ್‌ಗಳಲ್ಲಿ ಇದ್ದ ಎರಡು ಫೋಟೋಗಳನ್ನು ಇಡೀ ಪ್ರಕರಣದ ಕೇಂದ್ರ ಎನ್ನಬಹುದು. ಅವರು ಕಳಿಸಿದ ಫೋಟೋದಲ್ಲಿ ಸಿಮೆಂಟಿನ ನೆಲದ ಮೇಲೆ ಮೂರು ಪೊಟ್ಟಣಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟು, ಮೇಲೆ ಟೇಪು ಹಿಡಿದು, 39 ಸೆಂಟಿಮೀಟರ್ ಗೆರೆಯ ಬಳಿ ಹೆಬ್ಬೆರಳು ಒತ್ತಿದ್ದರು. ನಾನು ಕಳಿಸಿದ ಫೋಟೋದಲ್ಲಿ ಪೆಟ್ಟಿಗೆಯ ಹೊರಗೋಡೆಯ ಮೇಲೆ ಸ್ಟೀಲಿನ ಸ್ಕೇಲು ಇದ್ದು 394 ಎಂದು ತೋರಿಸುತ್ತಿತ್ತು. ಅವರ ಫೋಟೋ ನೋಡಿ ನಾನು ಅಂದುಕೊಂಡದ್ದು: 390ರ ಸಾಲು, 394ರ ಪೆಟ್ಟಿಗೆ, ಇನ್ನೂ 4 ಮಿಲಿಮೀಟರ್ ಉಳಿಯುತ್ತದೆ, ಅವರ ಹುಡುಗರು ಅಡ್ಡಡ್ಡ ತುಂಬುತ್ತಿರಬೇಕು. ನನ್ನ ಫೋಟೋ ನೋಡಿ ಅವರು ಅಂದುಕೊಂಡದ್ದು: ಇವರ ಬಳಿ ಇರುವ ಪೆಟ್ಟಿಗೆ 394 ಇದೆ, ನಮಗೆ ಬಂದದ್ದು ಅದಕ್ಕಿಂತ ಚಿಕ್ಕದು, ಆದ್ದರಿಂದ ಕಳಿಸುವಾಗ ಪೆಟ್ಟಿಗೆ ಅದಲುಬದಲಾಗಿದೆ. ಎರಡು ಫೋಟೋಗಳೂ ಸತ್ಯವನ್ನೇ ಹೇಳುತ್ತಿದ್ದವು. ಎರಡನ್ನೂ ನೋಡಿದ ಇಬ್ಬರೂ ತಮ್ಮ ತಮ್ಮ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡೆವು. ಅಲ್ಲಿಂದ ಮುಂದೆ ಅವರು ‘ಸರಿಯಾದ ಮಾದರಿ ಕಳಿಸಿ’ ಎಂದು ಕೇಳುತ್ತಾ ಹೋದರು, ನಾನು ‘ಕಳಿಸಿರುವುದೇ ಸರಿಯಾದ ಮಾದರಿ’ ಎಂದು ಉತ್ತರಿಸುತ್ತಾ ಹೋದೆ.

ಹದಿಮೂರನೆಯ ಮೇಲ್ ಅವರ ಹಿರಿಯರಿಂದ ಬಂದಿತು. ವಿಷಯದ ಸಾಲನ್ನು ಬದಲಿಸಿ ಮುಂದೆ ‘ಅರ್ಜೆಂಟ್’ ಎಂದು ಸೇರಿಸಿದ್ದರು, ಸಿಸಿಯಲ್ಲಿ ಇನ್ನೂ ಇಬ್ಬರಿದ್ದರು. ಹದಿನಾಲ್ಕರಲ್ಲಿ ನಮ್ಮ ಮಾಲೀಕರು ಉತ್ತರಿಸಿದರು. ಜಿಮೇಲ್‌ನಲ್ಲಿ ವಿಷಯದ ಸಾಲು ಬದಲಾದರೆ ಆ ಮೇಲ್ ಹಳೆಯ ಸರಣಿಯಿಂದ ಕಳಚಿಕೊಂಡು ಬೇರೆ ಸರಣಿಯಾಗಿ ನಿಲ್ಲುತ್ತದೆ. ಹೀಗೆ ಒಂದೇ ವಿಷಯಕ್ಕೆ ಎರಡು ಸರಣಿಗಳಾದವು, ಹೊಸದರಲ್ಲಿ ಹಿರಿಯರು ಮಾತಾಡುತ್ತಿದ್ದಾರೆಂದು ನಾನು ಹಳೆಯದರಲ್ಲೇ ಉಳಿದೆ. ಹದಿನೈದನೆಯ ಮೇಲ್‌ನಲ್ಲಿ ಖರೀದಿಯವರು ಪೊಟ್ಟಣಗಳನ್ನು ಹೇಗೆ ಜೋಡಿಸುತ್ತಾರೆಂಬ ಕೈಬರಹದ ಚಿತ್ರವೊಂದನ್ನು ಹಾಕಿದ್ದರು. ಅದರಲ್ಲಿ ಪೊಟ್ಟಣದ ಸಾಲಿಗೂ ರಟ್ಟಿನ ಗೋಡೆಗೂ ನಡುವೆ ಒಂದು ಸಣ್ಣ ಬಾಣ ಎಳೆದು ಸಡಿಲ ಎಷ್ಟೆಂದು ಬರೆದಿದ್ದರು. ಆ ಬಾಣವನ್ನು ನೋಡಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಅದು ಹೊಸ ಸರಣಿಯಲ್ಲಿತ್ತು. ನಾನು ಅದನ್ನು ತೆರೆಯದೆ ಹಳೆಯ ಸರಣಿಯಲ್ಲಿ, ಪೊಟ್ಟಣಗಳ ಜೋಡಣೆ ಹೇಗೆಂದು ತಿಳಿಸಿ ಎಂದು ಹದಿನಾರನೆಯ ಮೇಲ್ ಬರೆದೆ! ಕಳಿಸಿದ್ದನ್ನೇ ಮತ್ತೆ ಕೇಳಿದಾಗ ಆ ಮನುಷ್ಯನಿಗೆ ಹೇಗನ್ನಿಸಿರಬಹುದು ಎಂಬುದನ್ನು ಊಹಿಸಬಹುದು.

ಹದಿನೇಳನೆಯದು ಮಾಲೀಕರ ಸೂಚನೆ: ಎಲ್ಲರೂ ಕೂತು ಮಾತಾಡೋಣ. ಡಿಸೆಂಬರ್ 29ರಂದು ಐವರ ಆನ್‌ಲೈನ್ ಸಭೆ ನಡೆಯಿತು. ಇಪ್ಪತ್ತೈದು ನಿಮಿಷಗಳಲ್ಲಿ ಬಹುಪಾಲು ಸಂಕ್ರಾಂತಿಯೊಳಗೆ ಮಾಲು ಬಾರದಿದ್ದರೆ ನಷ್ಟ ಯಾರದು ಎಂಬುದಕ್ಕೆ ಹೋಯಿತು. ಪೆಟ್ಟಿಗೆ ಯಾರ ಮುಂದೆಯೂ ಇರಲಿಲ್ಲ. ಹಿರಿಯರು ಮಾತಾಡುತ್ತಿದ್ದುದರಿಂದ, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡಿದ್ದ ನಾವಿಬ್ಬರೂ ಹೆಚ್ಚಾಗಿ ಬಾಯಿ ಬಿಡಲಿಲ್ಲ. ಸೈಜನ್ನು ಎರಡೂ ಕಡೆಯವರು ಮತ್ತೊಮ್ಮೆ ಪರಿಶೀಲಿಸಿ ಮೇಲ್ ಮಾಡುವುದು ಎಂದು ತೀರ್ಮಾನವಾಯಿತು. ಹದಿನೆಂಟನೆಯ ಮೇಲ್ ಆ ತೀರ್ಮಾನದ ದಾಖಲೆ. ಹತ್ತೊಂಬತ್ತನೆಯದರಲ್ಲಿ ಅವರು, ಪರಿಶೀಲಿಸಿದ್ದೇವೆ, ಸೈಜ್ ಸರಿಯಾಗಿದೆ ಎಂದು ಬರೆದರು. ನಿಜ ಹೇಳಬೇಕೆಂದರೆ ನಾನೂ ಅದೇ ವಾಕ್ಯವನ್ನು ಬರೆಯಲು ಹೊರಟಿದ್ದೆ.

ಈ ಸಭೆಯನ್ನು ಮರೆಮಾಚದೆ ಹೇಳಬೇಕಾಗುತ್ತದೆ, ಏಕೆಂದರೆ ಮಾತಾಡಿದರೆ ಸಾಕು ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅದು ಸುಳ್ಳು ಮಾಡಿತು. ಬಾಯಿಮಾತು ಎಂಬ ಒಂದೇ ಕಾರಣಕ್ಕೆ ಅದು ಮೇಲ್‌ಗಿಂತ ಉತ್ತಮವಾಗಲಿಲ್ಲ. ಮೇಲ್ ಸರಣಿಯಲ್ಲಿ ಇದ್ದ ಸಿಸಿ ಪಟ್ಟಿ ಹಾಗೆಯೇ ಎದ್ದುಬಂದು ಪರದೆಯ ಮೇಲೆ ಕುಳಿತಿತ್ತು, ಅಷ್ಟೇ.

ಜನವರಿ 2ರ ಬೆಳಿಗ್ಗೆ ಇಪ್ಪತ್ತನೆಯ ಮೇಲ್‌ನ ಕರಡು ನನ್ನ ಮುಂದಿತ್ತು. ‘ಈಗಾಗಲೇ ಸ್ಪಷ್ಟಪಡಿಸಿರುವಂತೆ’ ಎಂದು ಆರಂಭಿಸಿದ್ದೆ. ಮಾಲೀಕರಿಗೆ ತೋರಿಸುವ ಮೊದಲು, ಆ ಕಡೆಯವರ ವಾದವೇನು ಎಂಬುದನ್ನು ಒಂದು ವಾಕ್ಯದಲ್ಲಿ ಮೇಲೆ ಬರೆಯೋಣವೆಂದು ಹೊರಟೆ. ಅವರು ಓದಿದರೆ ‘ಹೌದು, ನಾನು ಹೇಳುತ್ತಿರುವುದು ಇದನ್ನೇ’ ಎನ್ನುವಂತಹ ವಾಕ್ಯವಾಗಬೇಕಾಗಿತ್ತು. ಬರೆಯಲಾಗಲಿಲ್ಲ. ‘394ರ ಪೆಟ್ಟಿಗೆಯಲ್ಲಿ 390ರ ಪೊಟ್ಟಣಗಳು ಹಿಡಿಯುವುದಿಲ್ಲ ಎಂದು ಅವರ ವಾದ’ ಎಂದು ಬರೆದು ನೋಡಿದರೆ ಅದು ತಲೆ ಸರಿಯಿರುವ ಯಾರೂ ಮಾಡದ ವಾದವಾಗಿತ್ತು. ಹದಿನಾರು ವರ್ಷ ಬೆಲ್ಲದ ವ್ಯಾಪಾರದಲ್ಲಿ ಇರುವ ಮನುಷ್ಯ ಹಾಗೆ ವಾದಿಸುತ್ತಿದ್ದಾನೆ ಎಂದು ನನಗೆ ತೋರುತ್ತಿದ್ದರೆ, ಅವರ ಮಾತು ನನಗೆ ಅರ್ಥವಾಗಿಲ್ಲ ಎಂದೇ ಅರ್ಥ. ಅರ್ಥವಾಗದ ಮಾತಿಗೆ ಉತ್ತರ ಬರೆಯುವುದನ್ನು ಅಲ್ಲಿಗೆ ಬಿಟ್ಟೆ.

ಕರೆಗೆ ಮೊದಲು ಮಾಡಿಕೊಂಡ ಸಿದ್ಧತೆ ಬಹಳ ಸಣ್ಣದು. ನಮ್ಮ ಬಳಿ ಉಳಿದಿದ್ದ ಮಾದರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಾಯಿ ತೆರೆದು ಇಟ್ಟುಕೊಂಡೆ. ಪೆಟ್ಟಿಗೆ ಮತ್ತು ಟೇಪು ಕೈಯಲ್ಲಿರುವಾಗ ಹತ್ತು ನಿಮಿಷ ಮಾತಾಡಬೇಕು, ಯಾವಾಗ ಅನುಕೂಲ ಎಂದು ಒಂದು ಸಾಲಿನ ಸಂದೇಶ ಕಳಿಸಿದೆ. ಸಿಸಿಯಲ್ಲಿದ್ದ ಯಾರನ್ನೂ ಸೇರಿಸಲಿಲ್ಲ. ಹನ್ನೊಂದೂವರೆಗೆ ಅವರೇ ಕರೆ ಮಾಡಿದರು.

“ಹೇಳಿ ಮೇಡಂ, ಪೆಟ್ಗೆ ಮುಂದ್ಗಡೆನೇ ಅದೆ.”

“ಸಾರ್, ಯಾರು ಸರಿ ಯಾರು ತಪ್ಪು ಅನ್ನೋದು ಬೇಡ. ನೀವು ಅಳತೆ ತಗೊಂಡ ಹಾಗೇ ಇನ್ನೊಂದ್ ಸಲ ತಗೊಳ್ತೀರಾ? ಟೇಪು ಎಲ್ಲಿಂದ ಎಲ್ಲಿಗೆ ಹಿಡಿದ್ರಿ ಅಂತ ಹೇಳ್ತಾ ಹೋಗಿ.”

“ಈ ಗೋಡೆ ಒಳಗಡೆಯಿಂದ ಆ ಗೋಡೆ ಒಳಗಡೆಗೆ. ಮುನ್ನೂರ ಎಂಬತ್ನಾಲ್ಕು ಬರ್ತದೆ. ನಾನ್ ಕೊಟ್ಟಿದ್ದು ತೊಂಬತ್ನಾಲ್ಕು.”

“ಒಳಗಡೆಯಿಂದಾನಾ?”

“ಇನ್ನೆಲ್ಲಿಂದ ಮೇಡಂ? ಪೊಟ್ಣ ಇರೋದು ಒಳಗಡೆ ತಾನೆ!”

ಕರೆ ಆರಂಭವಾಗಿ ಎರಡು ನಿಮಿಷವೂ ಆಗಿರಲಿಲ್ಲ. ನಾನು ಹೊರ ಅಳತೆ ಎಂದು ತಿಳಿದಿದ್ದೆ ಎಂದು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ಅಯ್ಯೋ, ಅದಕ್ಕೇ ನಿಮ್ ಫೋಟೋದಲ್ಲಿ ಸ್ಕೇಲು ಹೊರಗಡೆ ಇದ್ದದ್ದು” ಎಂದರು. ಉಳಿದ ಒಂಬತ್ತು ನಿಮಿಷಗಳಲ್ಲಿ ಹೊಸ ಹೊರ ಅಳತೆ 404 × 254 × 204 ಆಗುವುದರಿಂದ ಅವರ ಗಾಡಿಯಲ್ಲಿ ಪೆಟ್ಟಿಗೆಗಳು ಎಷ್ಟು ಸಾಲು ಕೂರುತ್ತವೆ, ಮುದ್ರಣದ ಅಚ್ಚು, ಅಂದರೆ ಸ್ಟೀರಿಯೋ, ಬದಲಾಯಿಸಬೇಕೇ ಎಂಬುದನ್ನು ನೋಡಿದೆವು. ಪೆಟ್ಟಿಗೆಯ ಮುಖ ದೊಡ್ಡದಾಗುತ್ತಿತ್ತೇ ಹೊರತು ಚಿಕ್ಕದಾಗುತ್ತಿರಲಿಲ್ಲ, ಆದ್ದರಿಂದ ಸ್ಟೀರಿಯೋ ಹಾಗೆಯೇ ನಡೆಯುತ್ತಿತ್ತು.

ಎರಡು ನಿಮಿಷದಲ್ಲಿ ಆದದ್ದು ಹತ್ತು ಮೇಲ್‌ಗಳಲ್ಲಿ ಏಕೆ ಆಗಲಿಲ್ಲ ಎಂಬುದಕ್ಕೆ ನನಗೆ ತೃಪ್ತಿ ಕೊಟ್ಟ ವಿವರಣೆ ರಿಚರ್ಡ್ ಡಾಫ್ಟ್ ಮತ್ತು ರಾಬರ್ಟ್ ಲೆಂಗಲ್ ಎಂಬ ಸಂಶೋಧಕರದು. 1986ರ ಅವರ ಪ್ರಬಂಧವೊಂದು ಕಚೇರಿಯ ಸಂವಹನದಲ್ಲಿ ಎರಡು ಬಗೆಯ ಕೊರತೆಗಳನ್ನು ಬೇರ್ಪಡಿಸುತ್ತದೆ. ಒಂದರಲ್ಲಿ ಮಾಹಿತಿ ಸಾಲದು. ಪ್ರಶ್ನೆ ಏನೆಂದು ಎರಡೂ ಕಡೆಗೆ ಗೊತ್ತಿರುತ್ತದೆ, ಉತ್ತರ ಮಾತ್ರ ಬರಬೇಕಾಗಿರುತ್ತದೆ. ಇನ್ನೊಂದರಲ್ಲಿ ಮಾಹಿತಿ ಇದ್ದರೂ ಅದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿರುತ್ತವೆ, ಯಾವ ಪ್ರಶ್ನೆ ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಮೊದಲನೆಯದಕ್ಕೆ ಬರಹ ಸಾಕು. ಎರಡನೆಯದಕ್ಕೆ ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಿ ‘ಅಂದರೆ?’ ಎಂದು ಕೇಳಬಲ್ಲ ಮಾರ್ಗ ಬೇಕು. ನಮ್ಮ ಮೊದಲ ಎಂಟು ಮೇಲ್‌ಗಳು ಮೊದಲ ಬಗೆಯವು. ಒಂಬತ್ತರಿಂದ ಮುಂದೆ ಕೊರತೆಯ ಬಗೆ ಬದಲಾಗಿತ್ತು, ಮಾರ್ಗ ಮಾತ್ರ ಬದಲಾಗಲಿಲ್ಲ. ನಾನು ಫೋನಿನಲ್ಲಿ ‘ಒಳಗಡೆಯಿಂದಾನಾ?’ ಎಂದು ಕೇಳಿದ್ದು ಸಿದ್ಧಪಡಿಸಿಕೊಂಡ ಪ್ರಶ್ನೆಯಲ್ಲ. ಅವರ ವಾಕ್ಯದ ನಡುವೆ ಬಂದ ಒಂದು ಪದ ಕಿವಿಗೆ ಬಿದ್ದು ಹುಟ್ಟಿದ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಸೈಜ್’ ಎಂದು ಬರೆಯುವಾಗ ಅವರಿಗೆ ಒಳಗೆ, ಹೊರಗೆ ಎಂದು ಹೇಳುವ ಅಗತ್ಯ ಬರಲಿಲ್ಲ. ಟೇಪು ಹಿಡಿದು ಕನ್ನಡದಲ್ಲಿ ಹೇಳುವಾಗ ಆ ಪದ ತಾನಾಗಿ ಬಂದಿತು.

ಮತ್ತೆ ನಾನೇಕೆ ಹನ್ನೊಂದು ದಿನ ಫೋನ್ ಮಾಡಲಿಲ್ಲ? ನಮ್ಮಲ್ಲಿ ‘ಎಲ್ಲವೂ ಮೇಲ್‌ನಲ್ಲೇ ಇರಲಿ’ ಎಂಬ ನಿಯಮವಿದೆ, ಅದು ನಿರಾಧಾರವೂ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 10ಎ ವಿಧಿಯ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ಅಸಿಂಧು ಎನ್ನಲಾಗದು. ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇಮೇಲ್ ಮೂಲಕ ಕೊಟ್ಟ ಒಪ್ಪಿಗೆಯನ್ನು ಮಾನ್ಯ ಮಾಡಿತು. ದಾಖಲೆ ಬೇಕೆಂಬುದು ಸರಿಯೇ. ಆದರೆ ದಾಖಲಿಸಲು ಮೊದಲು ಒಂದು ತಿಳುವಳಿಕೆ ಇರಬೇಕು. ನಮ್ಮ ಹತ್ತೊಂಬತ್ತು ಮೇಲ್‌ಗಳಲ್ಲಿ ದಾಖಲಾದದ್ದು ಇಬ್ಬರ ತಪ್ಪು ತಿಳುವಳಿಕೆ ಮಾತ್ರ. ನ್ಯಾಯಾಲಯಕ್ಕೆ ಹೋಗಿದ್ದರೆ ಆ ಹಳದಿ ಬಣ್ಣದ ‘ಹೌದು, ಫೈನಲ್’ ಯಾರ ಪರವಾಗಿ ನಿಲ್ಲುತ್ತಿತ್ತೋ ಹೇಳಲಾರೆ. ಇದಲ್ಲದೆ, ಸಿಟ್ಟಿನಲ್ಲಿರುವವರಿಗೆ ಫೋನ್ ಮಾಡಲು ಅಂಜಿಕೆಯೂ ಇತ್ತು. ಸುಮಾರು ನಲವತ್ತೈದು ಕಿಲೋಮೀಟರ್ ದೂರದ ಊರಿಗೆ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಯಾರಾದರೂ ಹೋಗಿದ್ದರೂ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತಿತ್ತು.

ಕರೆ ಮುಗಿದ ಕಾಲು ಗಂಟೆಯೊಳಗೆ ಇಪ್ಪತ್ತನೆಯ ಮೇಲನ್ನು ಬರೆದೆ. ಈ ಸಲ ಕನ್ನಡದಲ್ಲಿ ಬರೆದು, ಎರಡೂ ಸರಣಿಗಳಲ್ಲಿದ್ದ ಎಲ್ಲರಿಗೂ ಕಳಿಸಿದೆ:

“ಇಂದು ಬೆಳಿಗ್ಗೆ 11.30ಕ್ಕೆ ಫೋನಿನಲ್ಲಿ ಮಾತಾಡಿದಂತೆ: ತಾವು ಕೊಟ್ಟ 394 × 244 × 184 ಪೆಟ್ಟಿಗೆಯ ಒಳ ಅಳತೆ. ನಾವು ಅದನ್ನು ಹೊರ ಅಳತೆ ಎಂದು ತಿಳಿದು ಮಾದರಿ ಮಾಡಿದ್ದೆವು. ಹೊಸ ಪೆಟ್ಟಿಗೆಯ ಹೊರ ಅಳತೆ ಸುಮಾರು 404 × 254 × 204 ಆಗುತ್ತದೆ. ಹೊಸ ಮಾದರಿ ನಾಳೆ ತಮ್ಮ ಕೈಸೇರುತ್ತದೆ. 24 ಪೊಟ್ಟಣ ತುಂಬಿ, ಮೇಲಿನ ಮಡಿಕೆ ಮುಚ್ಚಿ ನೋಡಿ ಒಪ್ಪಿಗೆ ತಿಳಿಸಬೇಕು. ರಟ್ಟು ಹೆಚ್ಚು ಬೇಕಾಗುವುದರಿಂದ ಬರುವ ದರದ ವ್ಯತ್ಯಾಸದ ಬಗ್ಗೆ ಫೋನಿನಲ್ಲಿ ಏನೂ ತೀರ್ಮಾನಿಸಿಲ್ಲ, ಅದನ್ನು ಪ್ರತ್ಯೇಕ ಮೇಲ್‌ನಲ್ಲಿ ಕಳಿಸುತ್ತೇವೆ. ಇದರಲ್ಲಿ ತಪ್ಪೇನಾದರೂ ಇದ್ದರೆ ಇಂದು ಸಂಜೆಯೊಳಗೆ ತಿಳಿಸಿ.”

ಕೊನೆಯ ಭಾಗವನ್ನು ಬೇಕೆಂದೇ ಹಾಗೆ ಬರೆದೆ. ಕರೆ ಚೆನ್ನಾಗಿ ನಡೆದಾಗ ಅದೇ ಉಮೇದಿನಲ್ಲಿ ದರವನ್ನೂ ಮುಗಿಸಿಬಿಡೋಣ ಎನ್ನಿಸುತ್ತದೆ. ಅವರೂ “ಎಷ್ಟಾಗ್ತದೆ ಹೇಳ್ಬುಡಿ ಮೇಡಂ” ಎಂದಿದ್ದರು. ಆದರೆ ದರದಲ್ಲಿ ಅರ್ಥದ ಗೊಂದಲವೇನೂ ಇರಲಿಲ್ಲ. ಅಲ್ಲಿ ಬೇಕಾದದ್ದು ಲೆಕ್ಕ, ಅದನ್ನು ಮಾಲೀಕರು ನೋಡಬೇಕು, ಅವರ ಹಿರಿಯರು ಒಪ್ಪಬೇಕು. ಅದು ಮೇಲ್‌ಗೇ ಸೇರಿದ ಕೆಲಸ. ಮುಂದೆ ಮೂರು ಮೇಲ್‌ಗಳಲ್ಲಿ ಅದು ಇತ್ಯರ್ಥವಾಯಿತು: ಮೊದಲ ಮಾದರಿಯ ಖರ್ಚು ನಮ್ಮದು, ಹೆಚ್ಚುವರಿ ರಟ್ಟಿನ ಹಣ ಅವರದು.

ಎಲ್ಲವೂ ಸರಿಹೋಗಲಿಲ್ಲ. ಜನವರಿ 5ರ ಗಡುವಿಗೆ ತಲುಪಿದ್ದು 600 ಪೆಟ್ಟಿಗೆಗಳು ಮಾತ್ರ, ಉಳಿದವು 9ರಂದು ಹೋದವು. ಬೆಂಗಳೂರಿಗೆ ಹೋಗಬೇಕಾಗಿದ್ದ ಅವರ ಮೊದಲ ಲೋಡನ್ನು ಅಚ್ಚಿಲ್ಲದ ಬೋಳು ಪೆಟ್ಟಿಗೆಗಳಲ್ಲಿ ಕಳಿಸಬೇಕಾಯಿತು. ಹತ್ತನೆಯ ಮೇಲ್‌ನ ಬದಲಿಗೆ ಡಿಸೆಂಬರ್ 22ರಂದೇ ಫೋನ್ ಮಾಡಿದ್ದರೆ ಪೂರ್ತಿ ಮಾಲು ವಾರ ಮುಂಚೆಯೇ ತಲುಪುತ್ತಿತ್ತು.

ಅದೇ ಗ್ರಾಹಕರೊಂದಿಗೆ ಮಾರ್ಚಿನಲ್ಲಿ ಇನ್ನೊಂದು ಸರಣಿ 31 ಮೇಲ್‌ಗಳವರೆಗೆ ಹೋಯಿತು. ಯಾವ ದಿನ ಎಷ್ಟು ಪೆಟ್ಟಿಗೆ, ಗಾಡಿಯ ನಂಬರು, ಇಳಿಸಿಕೊಂಡ ಲೆಕ್ಕ, ಇಷ್ಟೇ ಅದರಲ್ಲಿದ್ದದ್ದು. ಹೊಸದಾಗಿ ಬಂದ ನಮ್ಮ ಹುಡುಗ ಅದರ ಉದ್ದ ನೋಡಿ, ಫೋನ್ ಮಾಡಿ ಮುಗಿಸಿಬಿಡಲೇ ಎಂದು ಕೇಳಿದ. ಕೊನೆಯ ನಾಲ್ಕು ಮೇಲ್‌ಗಳನ್ನು ಅವನ ಮುಂದೆ ತೆರೆದೆ. ಪ್ರತಿಯೊಂದರಲ್ಲೂ ಹಿಂದಿನದರಲ್ಲಿ ಇರದ ಒಂದು ಅಂಕಿ ಇತ್ತು, ಯಾವುದೂ ಹಿಂದಿನ ಮೇಲನ್ನು ಎತ್ತಿ ಆಡಿರಲಿಲ್ಲ. ಹಾಗೆಯೇ ನಡೆಯಲಿ ಎಂದೆ.